ಚಿತ್ರದ ಹಿಂದಿನ ಬಾಲ: ಓವರ್‌ಡ್ರೈವ್ ಎಷ್ಟಕ್ಕೆ ನಿಲ್ಲಿಸಬೇಕು?

ಗೇಮಿಂಗ್ ಮಾನಿಟರ್‌ನ ಡಬ್ಬದ ಮೇಲೆ '1 ಮಿಲಿಸೆಕೆಂಡ್' ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ಎಲ್‌ಸಿಡಿ ಪರದೆಯಾದರೆ ಆ ಅಂಕಿ ಸಾಮಾನ್ಯವಾಗಿ ಸಿಗುವುದು ಓವರ್‌ಡ್ರೈವ್ ಅನ್ನು ತುತ್ತತುದಿಗೆ ಏರಿಸಿದಾಗ. ಆ ತುದಿಯಲ್ಲಿ ಆಟ ನೋಡುವಂತಿರುತ್ತದೆಯೇ ಎಂಬುದನ್ನು ಡಬ್ಬ ಹೇಳುವುದಿಲ್ಲ.

ಎಲ್‌ಸಿಡಿ ಪರದೆಯ ಪ್ರತಿ ಪಿಕ್ಸೆಲ್‌ನಲ್ಲೂ ದ್ರವ ಹರಳುಗಳಿವೆ. ವೋಲ್ಟೇಜ್ ಬದಲಾದಾಗ ಅವು ತಿರುಗಿ, ಬೆಳಕನ್ನು ಹೆಚ್ಚೋ ಕಡಿಮೆಯೋ ಬಿಡುತ್ತವೆ. ತಿರುಗಲು ಅವಕ್ಕೆ ಸಮಯ ಬೇಕು. 144 ಹರ್ಟ್ಸ್ ಮಾನಿಟರ್‌ನಲ್ಲಿ ಸುಮಾರು 7 ಮಿಲಿಸೆಕೆಂಡಿಗೊಮ್ಮೆ ಹೊಸ ಚಿತ್ರ ಬರುತ್ತದೆ. ಅಷ್ಟರಲ್ಲಿ ಹರಳು ತಿರುಗಿ ಮುಗಿಯದಿದ್ದರೆ ಹಳೆಯ ಚಿತ್ರ ಹೊಸದರ ಹಿಂದೆ ಮಸುಕಾಗಿ ಉಳಿಯುತ್ತದೆ. ಇದೇ ಘೋಸ್ಟಿಂಗ್.

ಓವರ್‌ಡ್ರೈವ್ ಮಾಡುವುದು ಒಂದು ಸಣ್ಣ ಸುಳ್ಳು. ಹತ್ತು ಗಂಟೆಯ ಮುಹೂರ್ತಕ್ಕೆ ಸದಾ ತಡವಾಗಿ ಬರುವ ನೆಂಟರಿಗೆ ಒಂಬತ್ತಕ್ಕೇ ಮುಹೂರ್ತ ಎನ್ನುತ್ತೇವಲ್ಲ, ಹಾಗೆ. ಪಿಕ್ಸೆಲ್ 150ರ ಬೂದು ಬಣ್ಣಕ್ಕೆ ಹೋಗಬೇಕಿದ್ದರೆ, ಮಾನಿಟರ್ ಒಂದು ಫ್ರೇಮಿನ ಮಟ್ಟಿಗೆ 180ಕ್ಕೆ ಹೋಗು ಎಂದು ತಳ್ಳುತ್ತದೆ. ಲೆಕ್ಕ ಸರಿಯಿದ್ದರೆ ಫ್ರೇಮ್ ಮುಗಿಯುವ ಹೊತ್ತಿಗೆ ಪಿಕ್ಸೆಲ್ 150ರ ಹತ್ತಿರ ನಿಂತಿರುತ್ತದೆ. ತಳ್ಳಿದ್ದು ಜಾಸ್ತಿಯಾದರೆ 165ಕ್ಕೆ ಹೋಗಿ ಮರಳುತ್ತದೆ. ಈ ದಾಟುವಿಕೆಯೇ ಇನ್ವರ್ಸ್ ಘೋಸ್ಟಿಂಗ್.

ಎರಡನ್ನೂ ಬೇರ್ಪಡಿಸಿ ಗುರುತಿಸುವುದು ಕಷ್ಟವಲ್ಲ. ಬೂದು ಗೋಡೆಯ ಮುಂದೆ ಕಪ್ಪು ಬಟ್ಟೆಯ ಆಟಗಾರ ಓಡುತ್ತಿದ್ದಾನೆ ಎನ್ನಿ. ಅವನ ಹಿಂದೆ ಮಬ್ಬುಗಪ್ಪು ಮಸಿಯಂಥ ಬಾಲ ಕಂಡರೆ ಅದು ಘೋಸ್ಟಿಂಗ್. ಗೋಡೆಗಿಂತಲೂ ಬೆಳ್ಳಗಿನ ಅಂಚು ಹಿಂಬಾಲಿಸಿದರೆ ಓವರ್‌ಡ್ರೈವ್ ಮಿತಿಮೀರಿದೆ. ನನ್ನ ಪ್ರಕಾರ ಎರಡನೆಯದೇ ಹೆಚ್ಚು ಕಿರಿಕಿರಿ: ಮಸುಕಿಗೆ ಕಣ್ಣು ಒಗ್ಗಿಕೊಳ್ಳುತ್ತದೆ, ಚಿತ್ರದಲ್ಲೇ ಇಲ್ಲದ ಬಣ್ಣದ ಗೆರೆಗೆ ಒಗ್ಗುವುದಿಲ್ಲ.

ಈಗ Off, Normal, Fast, Faster ಎಂಬ ನಾಲ್ಕು ಹಂತಗಳಿರುವ 144 ಹರ್ಟ್ಸ್ ಐಪಿಎಸ್ ಮಾನಿಟರ್ ಒಂದನ್ನು ತೆಗೆದುಕೊಳ್ಳೋಣ. ಮೆನುವಿನಲ್ಲಿ ಇದಕ್ಕೆ Response Time ಎಂದೋ Overdrive ಎಂದೋ ಹೆಸರಿರುತ್ತದೆ. ಮೊದಲು ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 144 ಹರ್ಟ್ಸ್ ನಿಜಕ್ಕೂ ಆಯ್ಕೆಯಾಗಿದೆಯೇ ನೋಡಬೇಕು. ಎಷ್ಟೋ ಮಾನಿಟರ್‌ಗಳು 60ರಲ್ಲೇ ಓಡುತ್ತಿರುತ್ತವೆ. ಪರದೆ ಅರ್ಧ ಗಂಟೆಯಾದರೂ ಉರಿದಿರಲಿ, ತಣ್ಣಗಿರುವ ಹರಳು ನಿಧಾನವಾಗಿ ತಿರುಗುತ್ತದೆ. ಆಮೇಲೆ ಬ್ರೌಸರ್‌ನಲ್ಲಿ testufo.com/ghosting ತೆರೆಯಿರಿ. ಕಡು, ಮಧ್ಯಮ, ತಿಳಿ ಹಿನ್ನೆಲೆಗಳ ಮೇಲೆ ಹಾರುವ ತಟ್ಟೆಗಳು ಸಾಗುತ್ತವೆ. ಪರದೆಯ ಒಂದೆಡೆ ದಿಟ್ಟಿಸದೆ, ತಟ್ಟೆಯ ಜೊತೆಗೇ ಕಣ್ಣು ಚಲಿಸಬೇಕು. ಬಾಲ ಕಾಣುವುದು ಆಗಲೇ.

Off ಇಂದ ಒಂದೊಂದೇ ಹಂತ ಏರಿಸುತ್ತಾ ಹೋಗಿ. Normalನಲ್ಲಿ ಮಸುಕು ಬಾಲ ಮೊಟಕಾಗುತ್ತದೆ. Fastನಲ್ಲಿ ಅದು ಹೆಚ್ಚುಕಡಿಮೆ ಮಾಯವಾಗಿ, ಒಂದು ಹಿನ್ನೆಲೆಯಲ್ಲಿ ಮಾತ್ರ ತೆಳುವಾದ ಹೊಳೆವ ಅಂಚು ಇಣುಕಬಹುದು. Fasterನಲ್ಲಿ ಮೂರರಲ್ಲೂ ಎದ್ದು ಕಾಣುವ ಗೆರೆ. ಹಾಗಿದ್ದರೆ 144ಕ್ಕೆ Fast ಸರಿ.

ಇಲ್ಲಿಗೇ ಬಿಡುವವರು ಹೆಚ್ಚು, ತಾಪತ್ರಯ ಶುರುವಾಗುವುದೂ ಇಲ್ಲೇ. ಫ್ರೀಸಿಂಕ್ ಚಾಲೂ ಇದ್ದು, ಭಾರವಾದ ಆಟದಲ್ಲಿ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ 60 ಫ್ರೇಮ್ ಮಾತ್ರ ಕೊಡುತ್ತಿದೆ ಎನ್ನಿ. ಮಾನಿಟರ್ ಕೂಡ 60ಕ್ಕೆ ಇಳಿಯುತ್ತದೆ. ಆಗ 7 ಮಿಲಿಸೆಕೆಂಡಿಗೆಂದು ಲೆಕ್ಕ ಹಾಕಿದ ಆ ಹೆಚ್ಚುವರಿ ತಳ್ಳಾಟ 16.7 ಮಿಲಿಸೆಕೆಂಡಿನವರೆಗೆ ಮುಂದುವರಿಯುತ್ತದೆ, ಪಿಕ್ಸೆಲ್ ಗುರಿ ದಾಟಿ ಹೋಗುತ್ತದೆ. 144ರಲ್ಲಿ ಚೊಕ್ಕಟವಾಗಿದ್ದ Fast ಈಗ ಗೆರೆ ಎಳೆಯುತ್ತದೆ. ವಿಂಡೋಸ್‌ನಲ್ಲಿ 60 ಹರ್ಟ್ಸ್ ಇಟ್ಟು ಅದೇ ಪರೀಕ್ಷೆ ನಡೆಸಿದರೆ ಅಂದಾಜು ಸಿಗುತ್ತದೆ. ಖಚಿತವಾಗಬೇಕಿದ್ದರೆ ಆಟದಲ್ಲೇ ಫ್ರೇಮ್ ಮಿತಿಯನ್ನು 60ಕ್ಕೆ ಹಾಕಿ, ಕ್ಯಾಮೆರಾ ಅತ್ತಿತ್ತ ತಿರುಗಿಸಿ ನೋಡಬೇಕು. ನಿಮ್ಮ ಆಟ 60ರಿಂದ 90ರ ನಡುವೆಯೇ ಓಡುವುದಾದರೆ Normal ಇಡುವುದೇ ಜಾಣತನ. ಫ್ರೇಮ್ ದರಕ್ಕೆ ತಕ್ಕಂತೆ ತಾನೇ ಬದಲಾಗುವ ಓವರ್‌ಡ್ರೈವ್ ಇರುವ ಮಾನಿಟರ್‌ಗಳೂ ಇವೆ, ಅವುಗಳಲ್ಲಿ ಈ ತಲೆನೋವು ಕಡಿಮೆ. ಕೆಲವು ಮಾದರಿಗಳಲ್ಲಂತೂ ಫ್ರೀಸಿಂಕ್ ಹಾಕಿದೊಡನೆ ಓವರ್‌ಡ್ರೈವ್ ಮೆನುವೇ ಮಂಕಾಗಿ, ಬದಲಿಸಲು ಬಿಡುವುದಿಲ್ಲ.

ವಿಎ ಪರದೆಯವರಿಗೆ ಇನ್ನೊಂದು ಮಾತು. ಕಪ್ಪಿನಿಂದ ಕಡುಬೂದಿಗೆ ಹೋಗುವಲ್ಲಿ ಅದು ತೀರಾ ನಿಧಾನ. ರಾತ್ರಿಯ ದೃಶ್ಯದ ಆ ಕಪ್ಪು ಮಸಿಯನ್ನು ಅಳಿಸಲೆಂದು ಹಂತ ಏರಿಸಿದರೆ, ಅದು ಪೂರ್ತಿ ಹೋಗುವ ಮೊದಲೇ ತಿಳಿ ಬಣ್ಣಗಳಲ್ಲಿ ಹೊಳೆವ ಗೆರೆ ಮೂಡಿಬಿಡುತ್ತದೆ. ಇನ್ನು, ಸರಿಯಾದ ಹಂತದಲ್ಲೂ ತಟ್ಟೆ ಎರಡೂ ಬದಿಗೆ ಸಮನಾಗಿ ತುಸು ಮಸುಕಾಗಿಯೇ ಕಂಡರೆ ಅದು ಪಿಕ್ಸೆಲ್‌ನ ದೋಷವಲ್ಲ. ಕಣ್ಣು ನಿಲ್ಲದೆ ಚಲಿಸುತ್ತಿರುವಾಗ ಪ್ರತಿ ಫ್ರೇಮೂ 7 ಮಿಲಿಸೆಕೆಂಡು ಒಂದೇ ಕಡೆ ನಿಂತಿರುವುದರಿಂದ ಆಗುವ ಮಸುಕು ಅದು. ಅದನ್ನು ತಗ್ಗಿಸಲು ಹೆಚ್ಚಿನ ಹರ್ಟ್ಸ್ ಬೇಕು, ಇಲ್ಲವೇ ಫ್ರೇಮುಗಳ ನಡುವೆ ಹಿಂಬೆಳಕನ್ನು ಕ್ಷಣಕಾಲ ಆರಿಸುವ ಸೌಲಭ್ಯ ಬೇಕು. ಓವರ್‌ಡ್ರೈವ್‌ನಿಂದ ಅದು ಆಗದು.