ಬೇರಿನೊಳಗಿನ ಐದಾರು ಕೋಶಗಳು

ಕೋಲಾರ, ಚಿಂತಾಮಣಿ ಕಡೆ ಟೊಮೆಟೊ ಬೆಳೆಯುವವರಿಗೆ ಈ ಲಕ್ಷಣ ಹೊಸದಲ್ಲ. ನಾಟಿ ಮಾಡಿ ಒಂದೂವರೆ ತಿಂಗಳಾಗಿರುತ್ತದೆ. ಡ್ರಿಪ್‌ನಲ್ಲಿ ನೀರು ಸರಿಯಾಗಿ ಹೋಗುತ್ತಿರುತ್ತದೆ, ಗೊಬ್ಬರಕ್ಕೂ ಕೊರತೆಯಿಲ್ಲ. ಆದರೂ ಹೊಲದ ಒಂದು ಕಡೆ ಗಿಡಗಳು ಮಧ್ಯಾಹ್ನ ಜೋತುಬಿದ್ದು ಸಂಜೆಗೆ ಚೇತರಿಸಿಕೊಳ್ಳುತ್ತವೆ. ಎಲೆ ಹಳದಿಯಾಗುತ್ತದೆ, ಕಾಯಿ ಸಣ್ಣದಾಗುತ್ತದೆ. ನೀರು ಸಾಲದೇನೋ ಎಂದು ಇನ್ನೊಂದು ಗಂಟೆ ಹೆಚ್ಚಿಗೆ ಬಿಡುತ್ತಾರೆ, ಪೋಷಕಾಂಶದ ಕೊರತೆಯೇನೋ ಎಂದು ಎಲೆಗೆ ಸಿಂಪಡಿಸುತ್ತಾರೆ. ಯಾವುದೂ ನಾಟುವುದಿಲ್ಲ.

ಉತ್ತರ ಇರುವುದು ಮಣ್ಣಿನ ಕೆಳಗೆ. ಗಿಡವನ್ನು ಕಿತ್ತರೆ ತುದಿಬೇರುಗಳು ಮಣ್ಣಲ್ಲೇ ಕಳಚಿ ಉಳಿಯುತ್ತವೆ. ಅದಕ್ಕೇ ಸಲಿಕೆಯಿಂದ ಮಣ್ಣುಸಮೇತ ಎತ್ತಿ, ಬಕೆಟ್ ನೀರಿನಲ್ಲಿ ಅದ್ದಿ ತೊಳೆದು ನೋಡಬೇಕು. ನೂಲಿನಂತೆ ಸಪೂರವಾಗಿರಬೇಕಾದ ಬೇರುಗಳ ತುಂಬ ಗಂಟುಗಳಿದ್ದರೆ ಅದು ಬೇರುಗಂಟು ಜಂತುಹುಳುವಿನ ಕೆಲಸ. ಅವರೆ, ನೆಲಗಡಲೆಯ ಬೇರಿನಲ್ಲೂ ಗಂಟುಗಳಿರುತ್ತವಲ್ಲ ಎಂದು ಕೇಳಬಹುದು. ಸಾರಜನಕ ಕೊಡುವ ಆ ಗಂಟುಗಳು ಬೇರಿನ ಪಕ್ಕಕ್ಕೆ ಅಂಟಿಕೊಂಡಿರುತ್ತವೆ, ಬೆರಳಿನಿಂದ ತಳ್ಳಿದರೆ ಉದುರುತ್ತವೆ. ಟೊಮೆಟೊ ಬೇರಿನ ಗಂಟನ್ನು ಹಾಗೆ ಬಿಡಿಸಲು ಬರುವುದಿಲ್ಲ, ಏಕೆಂದರೆ ಊದಿಕೊಂಡಿರುವುದು ಬೇರೇ.

ಈ ಹುಳುವಿನ ಕುಲದ ಹೆಸರು ಮೆಲಾಯ್ಡೊಗೈನ್. ನಮ್ಮ ಟೊಮೆಟೊ ಹೊಲಗಳಲ್ಲಿ ಹೆಚ್ಚಾಗಿ ಕಾಣುವುದು ಅದರ ಇನ್‌ಕಾಗ್ನಿಟ ಮತ್ತು ಜವಾನಿಕ ಪ್ರಭೇದಗಳು. ಮೊಟ್ಟೆಯಿಂದ ಹೊರಬಂದ ಮರಿ ಅರ್ಧ ಮಿಲಿಮೀಟರಿಗಿಂತ ಚಿಕ್ಕದು, ಬರಿಗಣ್ಣಿಗೆ ಕಾಣದು. ಮಣ್ಣಿನ ಕಣಗಳ ನಡುವಿನ ನೀರಿನ ತೆಳುಪದರದಲ್ಲಿ ಈಜಿಕೊಂಡು ಬೇರಿನ ತುದಿಯನ್ನು ಹುಡುಕುತ್ತದೆ. ಬಾಯಲ್ಲಿರುವ ಸೂಜಿಯಂಥ ಅಂಗದಿಂದ ಚುಚ್ಚಿ ತುದಿಯ ಸ್ವಲ್ಪ ಹಿಂದೆ ಒಳಹೊಗುತ್ತದೆ, ಕೋಶಗಳ ನಡುವೆ ತೂರಿಕೊಂಡು ನೀರು ಸಾಗಿಸುವ ನಾಳಗಳ ಪಕ್ಕ ಹೋಗಿ ನಿಲ್ಲುತ್ತದೆ.

ಅಲ್ಲಿ ಅದು ಐದರಿಂದ ಏಳು ಜೀವಕೋಶಗಳನ್ನು ಆರಿಸಿಕೊಂಡು ತನ್ನ ಜೊಲ್ಲು ಸೇರಿಸುತ್ತದೆ. ಆಮೇಲೆ ನಡೆಯುವುದು ವಿಚಿತ್ರ. ಆ ಕೋಶಗಳ ಕೇಂದ್ರಗಳು ಮತ್ತೆ ಮತ್ತೆ ವಿಭಜನೆಯಾಗುತ್ತವೆ, ಆದರೆ ಕೋಶ ಮಾತ್ರ ಎರಡಾಗುವುದಿಲ್ಲ, ಊದುತ್ತಲೇ ಹೋಗುತ್ತದೆ. ಕೊನೆಗೆ ಒಂದೇ ಕೋಶದಲ್ಲಿ ಹತ್ತಾರು ಕೇಂದ್ರಗಳಿರುವ ದೈತ್ಯಕೋಶಗಳು ಸಿದ್ಧವಾಗುತ್ತವೆ. ಸುತ್ತಲಿನ ಕೋಶಗಳೂ ಹೆಚ್ಚಿ ಉಬ್ಬುತ್ತವೆ, ನಮಗೆ ಕಾಣುವ ಗಂಟು ಅದೇ. ಎಲೆಗಳು ತಯಾರಿಸಿದ ಆಹಾರ ಹಣ್ಣಿಗೆ ಹೋಗುವ ಬದಲು ಇಲ್ಲಿಗೆ ಹರಿಯುತ್ತದೆ. ಪಕ್ಕದ ನಾಳಗಳು ತಿರುಚಿಕೊಂಡು ನೀರಿನ ದಾರಿ ಕಟ್ಟುತ್ತದೆ. ಮಧ್ಯಾಹ್ನದ ಬಾಡುವಿಕೆಗೆ ಕಾರಣ ಇದು.

ಒಮ್ಮೆ ಊಟ ಶುರುಮಾಡಿದ ಹೆಣ್ಣುಮರಿ ಮತ್ತೆ ಕದಲುವುದಿಲ್ಲ. ಉದ್ದನೆಯ ದೇಹ ಉಬ್ಬಿ, ಗುಂಡುಸೂಜಿಯ ತಲೆಗಿಂತ ಚಿಕ್ಕದಾದ ಬಿಳಿ ಹೂಜಿಯ ಆಕಾರ ತಾಳುತ್ತದೆ. ಇನ್‌ಕಾಗ್ನಿಟ ಹೆಣ್ಣಿಗೆ ಗಂಡಿನ ಅಗತ್ಯವೂ ಇಲ್ಲ, ಅದಿಲ್ಲದೆಯೇ ಮೊಟ್ಟೆ ಇಡುತ್ತದೆ. ಬೇರಿನಲ್ಲಿ ಜಾಗಕ್ಕೂ ಆಹಾರಕ್ಕೂ ಪೈಪೋಟಿ ಹೆಚ್ಚಾದಾಗ ಹೆಚ್ಚು ಮರಿಗಳು ಗಂಡಾಗಿ ಬೇರು ಬಿಟ್ಟು ಹೊರಡುತ್ತವೆ. ಹೆಣ್ಣು ಗಂಟಿನ ಮೇಲ್ಮೈಗೆ ಲೋಳೆಯ ಉಂಡೆಯೊಂದನ್ನು ಹೊರದಬ್ಬಿ ಅದರಲ್ಲಿ ಕೆಲವು ನೂರು ಮೊಟ್ಟೆ ಇಡುತ್ತದೆ. ಭೂತಗನ್ನಡಿ ಹಿಡಿದರೆ ಗಂಟಿನ ಮೇಲೆ ಕಂದು ಬಣ್ಣದ ಈ ಹನಿಗಳು ಕಾಣುತ್ತವೆ.

ಮಣ್ಣಿನ ಉಷ್ಣತೆ 27 ಡಿಗ್ರಿ ಆಸುಪಾಸಿನಲ್ಲಿದ್ದರೆ ಮೊಟ್ಟೆಯಿಂದ ಮೊಟ್ಟೆಗೆ ಹೆಚ್ಚುಕಮ್ಮಿ ಒಂದು ತಿಂಗಳು. ಒಂದು ಲೆಕ್ಕ ಹಾಕೋಣ. ಒಂದು ಹೆಣ್ಣು 300 ಮೊಟ್ಟೆ ಇಟ್ಟು, ನೂರಕ್ಕೆ ಐದು ಮಾತ್ರ ಬೆಳೆದು ಮೊಟ್ಟೆ ಇಟ್ಟವು ಎನ್ನಿ. ಮೊದಲ ತಲೆಮಾರಿಗೆ 15, ಎರಡನೆಯದಕ್ಕೆ 225, ಮೂರನೆಯದಕ್ಕೆ 3,375. ನಾಲ್ಕು ತಿಂಗಳ ಟೊಮೆಟೊ ಬೆಳೆಯಲ್ಲಿ ಮೂರು ತಲೆಮಾರು ಆರಾಮವಾಗಿ ಮುಗಿಯುತ್ತದೆ. ನಾಟಿಯ ದಿನ ಲೆಕ್ಕಕ್ಕೇ ಬಾರದಷ್ಟಿದ್ದ ಹುಳು ಕೊನೆಯ ಕೊಯ್ಲಿನ ಹೊತ್ತಿಗೆ ಹೊಲ ತುಂಬಿರುತ್ತದೆ. ಅಲ್ಲಿ ಎರಡನೇ ಟೊಮೆಟೊ ಹಾಕಿದವರಿಗೆ ಮೊದಲ ವಾರದಿಂದಲೇ ಪೆಟ್ಟು. ಕೊಯ್ಲಾದ ಮೇಲೆ ಕಾಂಡ ಕೊಯ್ದು ಬೇರನ್ನು ಮಣ್ಣಲ್ಲೇ ಬಿಡುವ ರೂಢಿಯೂ ಹುಳುವಿಗೇ ಅನುಕೂಲ. ಬೇರು ಹಸಿಯಾಗಿರುವವರೆಗೆ ಒಳಗಿನ ಹೆಣ್ಣು ಮೊಟ್ಟೆ ಇಡುತ್ತಲೇ ಇರುತ್ತದೆ.

ಆದರೆ ಇಷ್ಟೆಲ್ಲ ಬೆಳವಣಿಗೆ ನಿಂತಿರುವುದು ಆ ಐದಾರು ಕೋಶಗಳ ಮೇಲೆ. ಅವು ಸಿಗದಿದ್ದರೆ ಮರಿ ಮೈಯಲ್ಲಿರುವ ಕೊಬ್ಬು ಕರಗುವವರೆಗೆ ಅಲೆದು ಸಾಯುತ್ತದೆ. ಬೆಳೆ ಬದಲಿಸುವುದು, ನಿರೋಧಕ ಬೇರಿಗೆ ಕಸಿ ಕಟ್ಟುವುದು, ಎರಡರ ಗುರಿಯೂ ಆ ಕೋಶಗಳನ್ನು ತಪ್ಪಿಸುವುದೇ.

ಬೆಳೆ ಬದಲಾವಣೆ ಎಂದ ಕೂಡಲೇ ಟೊಮೆಟೊ ನಂತರ ಬದನೆ, ಮೆಣಸಿನಕಾಯಿ, ಬೆಂಡೆ, ಸೌತೆ ಅಥವಾ ಬೀನ್ಸ್ ಹಾಕಿದರೆ ಏನೂ ಬದಲಾದಂತಲ್ಲ. ಎಲ್ಲವೂ ಈ ಹುಳುವಿಗೆ ಊಟವೇ. ಚೆನ್ನಾಗಿ ಕೆಲಸ ಮಾಡುವುದು ಚೆಂಡು ಹೂ. ಅದರ ಬೇರಿನಲ್ಲಿ ಹುಳುವನ್ನು ಕೊಲ್ಲುವ ರಾಸಾಯನಿಕಗಳಿವೆ, ಒಳಹೊಕ್ಕ ಮರಿ ಬೆಳೆಯಲಾರದು. ಇಲ್ಲೊಂದು ಗೊಂದಲವಿದೆ. ಟೊಮೆಟೊ ಹೊಲದಲ್ಲಿ ಹದಿನಾರು ಸಾಲಿಗೊಂದು ಸಾಲು ಚೆಂಡು ಹೂ ಹಾಕುವ ಪದ್ಧತಿ ಅನೇಕರಿಗೆ ಗೊತ್ತು. ಅದು ಕಾಯಿಕೊರಕದ ಪತಂಗವನ್ನು ಸೆಳೆಯುವುದಕ್ಕೆ. ಜಂತುಹುಳುವಿಗೆ ಆ ಒಂದು ಸಾಲು ಸಾಲದು; ಚೆಂಡು ಹೂ ಇಡೀ ಹೊಲದಲ್ಲಿ ಒತ್ತಾಗಿ ಎರಡು ಮೂರು ತಿಂಗಳು ನಿಲ್ಲಬೇಕು, ನಡುವೆ ಗಣಿಕೆಯಂಥ ಕಳೆ ಇರಬಾರದು. ಗಣಿಕೆಯೂ ಟೊಮೆಟೊ ಬಳಗದ್ದೇ, ಹುಳುವನ್ನು ಸಾಕುತ್ತದೆ. ಎಳ್ಳು ಇನ್ನೊಂದು ಒಳ್ಳೆಯ ಆಯ್ಕೆ. ನೀರಿನ ಅನುಕೂಲ ಇರುವಲ್ಲಿ ಕೆಸರುಗದ್ದೆ ಮಾಡಿ ಭತ್ತ ಬೆಳೆದರೆ ಗಾಳಿಯಿಲ್ಲದೆ ಹುಳು ಕಡಿಮೆಯಾಗುತ್ತದೆ. ನೆಲಗಡಲೆಯ ವಿಷಯದಲ್ಲಿ ಪ್ರಭೇದ ಯಾವುದೆಂದು ತಿಳಿಯುವುದು ಮುಖ್ಯ: ಇನ್‌ಕಾಗ್ನಿಟ ಅದರ ಮೇಲೆ ಬೆಳೆಯದು, ಆದರೆ ಅರೆನೇರಿಯ ಎಂಬ ಇನ್ನೊಂದು ಪ್ರಭೇದಕ್ಕೆ ನೆಲಗಡಲೆಯೇ ಹಬ್ಬ. ಯಾವ ಬೆಳೆ ಬದಲಿಸಿದರೂ ಒಂದೇ ಹಂಗಾಮಿಗೆ ಹುಳು ಪೂರ್ತಿ ಹೋಗುವುದಿಲ್ಲ. ಲೋಳೆಯೊಳಗಿನ ಮೊಟ್ಟೆಗಳಲ್ಲಿ ಒಂದಷ್ಟು ಉಳಿದೇ ಉಳಿಯುತ್ತವೆ.

ಟೊಮೆಟೊ ಬಿಟ್ಟು ಇರಲಾಗದವರಿಗೆ, ಅದರಲ್ಲೂ ಪಾಲಿಹೌಸ್ ಕಟ್ಟಿಸಿ ಸಾಲದಲ್ಲಿರುವವರಿಗೆ, ಎರಡನೇ ದಾರಿ. ದಕ್ಷಿಣ ಅಮೆರಿಕದ ಕಾಡು ಟೊಮೆಟೊ ಒಂದರಲ್ಲಿ ಈ ಹುಳುವಿಗೆ ನಿರೋಧ ಇತ್ತು, ಆದರೆ ನಾಟಿ ಟೊಮೆಟೊ ಜೊತೆ ಅದರ ಮಿಶ್ರಣ ಬೀಜ ಕಟ್ಟುತ್ತಿರಲಿಲ್ಲ. 1944ರಲ್ಲಿ ಕ್ಯಾಲಿಫೋರ್ನಿಯಾದ ಪಿ. ಜಿ. ಸ್ಮಿತ್ ಆ ಮಿಶ್ರಣದ ಭ್ರೂಣವನ್ನು ಹೊರತೆಗೆದು ಪ್ರಯೋಗಾಲಯದಲ್ಲಿ ಬೆಳೆಸಿದರು. ಇಂದು ‘ಮಿ’ ಎಂಬ ಜೀನ್ ಇರುವ ಟೊಮೆಟೊ ತಳಿಗಳ ಮೂಲ ಆ ಗಿಡ. ಅಂಥ ಬೇರಿನೊಳಗೆ ಮರಿ ಬರುತ್ತದೆ, ಸೂಜಿ ಚುಚ್ಚುತ್ತದೆ, ಚುಚ್ಚಿಸಿಕೊಂಡ ಕೋಶ ಕೂಡಲೇ ಸಾಯುತ್ತದೆ. ದೈತ್ಯಕೋಶ ಆಗುವುದೇ ಇಲ್ಲ. ಬೀಜದ ಪೊಟ್ಟಣದ ಮೇಲೆ ‘ರೋಗನಿರೋಧಕ’ ಎಂದಿದ್ದರೆ ಸಾಲದು, ಯಾವುದಕ್ಕೆ ಎಂದು ನೋಡಬೇಕು. ಹೆಸರುವಾಸಿಯಾದ ಅರ್ಕ ರಕ್ಷಕ್‌ನ ಮೂರು ನಿರೋಧಗಳು ಎಲೆ ಮುದುಡು, ದುಂಡಾಣು ಸೊರಗು ಮತ್ತು ಎಲೆಚುಕ್ಕೆಗೆ. ಜಂತುಹುಳು ಆ ಪಟ್ಟಿಯಲ್ಲಿಲ್ಲ.

‘ಮಿ’ಗೆ ಒಂದು ದೌರ್ಬಲ್ಯವಿದೆ. ಮಣ್ಣು 28 ಡಿಗ್ರಿ ದಾಟಿದರೆ ಅದು ಸಡಿಲವಾಗುತ್ತದೆ. ಬೇಸಿಗೆಯಲ್ಲಿ ಕಪ್ಪು ಮಲ್ಚಿಂಗ್ ಹಾಳೆಯ ಕೆಳಗೆ ಆ ಮಟ್ಟ ದಾಟುವುದು ಸುಲಭ. ಅಂಥಲ್ಲಿ ಸುಂಡೆ ಅಥವಾ ತೈವಾನಿನ ವಿಶ್ವ ತರಕಾರಿ ಕೇಂದ್ರ ಶಿಫಾರಸು ಮಾಡುವ ಇಜಿ-203 ಬದನೆಯ ಬುಡಕ್ಕೆ ಟೊಮೆಟೊ ಕಸಿ ಮಾಡುವುದು ವಾಸಿ. ಇವು ದುಂಡಾಣು ಸೊರಗನ್ನೂ ತಡೆಯುತ್ತವೆ. ಬದನೆ, ಸುಂಡೆ ನಿಧಾನವಾಗಿ ಬೆಳೆಯುವುದರಿಂದ ಟೊಮೆಟೊಗಿಂತ ಮೊದಲೇ ಬಿತ್ತಿ, ಎರಡರ ಕಾಂಡ ಒಂದೇ ದಪ್ಪಕ್ಕೆ ಬಂದಾಗ ಓರೆಯಾಗಿ ಕತ್ತರಿಸಿ ಸಣ್ಣ ಕೊಳವೆಯಿಂದ ಜೋಡಿಸುತ್ತಾರೆ. ಒಂದು ವಾರದಷ್ಟು ಕಾಲ ನೆರಳು ಮತ್ತು ತೇವದ ಗೂಡಿನಲ್ಲಿ ಇಟ್ಟು ಆಮೇಲೆ ಬಿಸಿಲಿಗೆ ಒಗ್ಗಿಸುತ್ತಾರೆ.

ಇಷ್ಟು ಮಾಡಿ ತಂದ ದುಬಾರಿ ಸಸಿ ಕೆಡುವುದು ಹೆಚ್ಚಾಗಿ ನಾಟಿಯ ದಿನ. ಸಾಮಾನ್ಯ ಟೊಮೆಟೊ ಸಸಿಯನ್ನು ಆಳಕ್ಕೆ ನೆಟ್ಟು, ಆಮೇಲೆ ಬುಡಕ್ಕೆ ಮಣ್ಣೇರಿಸುವುದು ರೂಢಿ. ಕಸಿ ಸಸಿಗೆ ಹಾಗೆ ಮಾಡಿದರೆ ಜೋಡಣೆ ಮಣ್ಣಿನಡಿ ಸೇರಿ, ಮೇಲಿನ ಟೊಮೆಟೊ ಕಾಂಡ ತನ್ನದೇ ಬೇರು ಬಿಡುತ್ತದೆ, ಹುಳು ಆ ಬೇರಿನಿಂದಲೇ ಒಳಬರುತ್ತದೆ. ಜೋಡಿಸಿದ ಗೆರೆ ನೆಲದಿಂದ ಒಂದೆರಡು ಬೆರಳಾದರೂ ಮೇಲಿರಬೇಕು. ಬುಡದಿಂದ ಬದನೆಯ ಚಿಗುರು ಬಂದರೆ ಆಗಾಗ ಚಿವುಟಬೇಕು.