ಐಪಿ ವಿಳಾಸ ಬದಲಾಯಿಸಿದರೂ ಹಳೆಯ ಸರ್ವರ್ ಏಕೆ?

ಸಂಡೂರು ತಾಲ್ಲೂಕಿನ ಬಂಡ್ರಿಯ ಯುವಕನೊಬ್ಬ ಹಂಪಿಯ ಹೋಟೆಲೊಂದರ ವೆಬ್‌ಸೈಟನ್ನು ಹೊಸ ಸರ್ವರ್‌ಗೆ ಸಾಗಿಸಿದ ಎಂದಿಟ್ಟುಕೊಳ್ಳೋಣ. ಸಂಜೆ 4ಕ್ಕೆ ಡಿಎನ್‌ಎಸ್‌ನಲ್ಲಿ ಐಪಿ ವಿಳಾಸ ಬದಲಾಯಿಸಿದ. ಅವನ ಮೊಬೈಲಿನಲ್ಲಿ ಹೊಸ ಪುಟ ಬಂತು. ಹೊಸಪೇಟೆಯಲ್ಲಿರುವ ಮಾಲೀಕರಿಗೆ ಮಾತ್ರ ಹಳೆಯದೇ ಕಾಣುತ್ತಿದೆ.

ಇಂಥ ಹೊತ್ತಿನಲ್ಲಿ ‘ಪ್ರೊಪಗೇಷನ್ ಆಗಬೇಕು, ಕಾಯಿರಿ’ ಎನ್ನುವುದು ರೂಢಿ. ಆದರೆ ಹೊಸ ವಿಳಾಸ ತಾನಾಗಿ ಊರೂರಿಗೆ ಹರಡುವುದಿಲ್ಲ. ಹೆಸರಿಗೆ ವಿಳಾಸ ಹುಡುಕಿಕೊಡುವ ರಿಸಾಲ್ವರ್‌ಗಳು ಒಮ್ಮೆ ಸಿಕ್ಕ ಉತ್ತರವನ್ನು ಕ್ಯಾಶ್‌ನಲ್ಲಿ ಇಟ್ಟುಕೊಂಡಿರುತ್ತವೆ. ಅದನ್ನು ಎಷ್ಟು ಸೆಕೆಂಡು ಇಟ್ಟುಕೊಳ್ಳಬಹುದು ಎಂಬುದನ್ನು ಆ ದಾಖಲೆಯ ಜೊತೆಗೇ ಬರುವ ಟಿಟಿಎಲ್ ಎಂಬ ಸಂಖ್ಯೆ ಹೇಳುತ್ತದೆ. ಹೋಟೆಲಿನ ದಾಖಲೆಯಲ್ಲಿ ಅದು 86400, ಅಂದರೆ 24 ಗಂಟೆ. ಮಾಲೀಕರು ಬಳಸುವ ರಿಸಾಲ್ವರ್ ಮಧ್ಯಾಹ್ನ 3ಕ್ಕೆ ಹಳೆಯ ವಿಳಾಸ ಪಡೆದಿದ್ದರೆ ಮರುದಿನ 3ರವರೆಗೂ ಅದನ್ನೇ ಕೊಡಬಹುದು. ಯುವಕನ ಮೊಬೈಲ್ ಕಂಪನಿಯ ರಿಸಾಲ್ವರ್ ಬದಲಾವಣೆಯ ನಂತರವೇ ಮೊದಲ ಸಲ ಕೇಳಿದ್ದರಿಂದ ಅದಕ್ಕೆ ಹೊಸದು ಸಿಕ್ಕಿತು.

ಇದನ್ನು ಖಚಿತಪಡಿಸಿಕೊಳ್ಳಲು ಎರಡು ಕಡೆ ಕೇಳಬೇಕು. ಮೊದಲನೆಯದು ಡೊಮೈನಿನ ಮೂಲ ನೇಮ್‌ಸರ್ವರ್, ಎರಡನೆಯದು ಮಾಲೀಕರ ಕಂಪ್ಯೂಟರ್ ಬಳಸುವ ರಿಸಾಲ್ವರ್:

```
dig @ns1.hotel.example hotel.example A
dig hotel.example A
```

ರಾತ್ರಿ 8ಕ್ಕೆ ಮಾಲೀಕರ ಕಂಪ್ಯೂಟರಿನಲ್ಲಿ ಎರಡನೆಯ ಆಜ್ಞೆ ಕೊಟ್ಟರೆ ಹಳೆಯ ಐಪಿಯ ಜೊತೆ 68400 ಎಂದು ಕಾಣುತ್ತದೆ. ಇನ್ನು 19 ಗಂಟೆ ಬಾಕಿ ಎಂದರ್ಥ. ಮತ್ತೆ ಕೇಳಿದಾಗ ಸಂಖ್ಯೆ ಇಳಿಯುತ್ತಿದ್ದರೆ ಅದು ಕ್ಯಾಶ್‌ನ ಉತ್ತರ. ಮೊದಲನೆಯ ಆಜ್ಞೆಗೂ ಹಳೆಯ ಐಪಿ ಬಂದರೆ ಕಾದು ಪ್ರಯೋಜನವಿಲ್ಲ. ದಾಖಲೆಯೇ ತಪ್ಪಾಗಿದೆ, ಇಲ್ಲವೇ ಉಳಿಸಿಲ್ಲ.

ಬದಲಾಯಿಸಿದ ಮೇಲೆ ಟಿಟಿಎಲ್ ಇಳಿಸಿದರೂ ಕ್ಯಾಶ್‌ನಲ್ಲಿರುವ ಪ್ರತಿಗೆ ಹಳೆಯ ಅವಧಿಯೇ ಅನ್ವಯ. ಇದರ ದೊಡ್ಡ ಪೆಟ್ಟು ತಿಂದದ್ದು ಸ್ಲ್ಯಾಕ್. 2021ರ ಸೆಪ್ಟೆಂಬರ್ 30ರಂದು ಅದರ ಎಂಜಿನಿಯರ್‌ಗಳು ಡಿಎನ್‌ಎಸ್ ಭದ್ರತೆಯ ದಾಖಲೆಯೊಂದನ್ನು ತೆಗೆಸಿ, ಡೊಮೈನಿಗೆ ಸಹಿ ಹಾಕುವುದನ್ನೂ ನಿಲ್ಲಿಸಿದರು. ಆದರೆ ಸಹಿ ಇರಲೇಬೇಕೆಂದು ಹೇಳುವ ಆ ದಾಖಲೆಯ ಪ್ರತಿ ರಿಸಾಲ್ವರ್‌ಗಳಲ್ಲಿ 24 ಗಂಟೆ ಉಳಿಯುವಂಥದ್ದಾಗಿತ್ತು. ಇದರಿಂದ ಅನೇಕ ಬಳಕೆದಾರರಿಗೆ slack.com ಸಿಗದಾಯಿತು, ಕ್ಯಾಶ್ ಅಳಿಸುವಂತೆ ರಿಸಾಲ್ವರ್ ನಡೆಸುವ ಸಂಸ್ಥೆಗಳನ್ನು ಕೇಳಿಕೊಳ್ಳಬೇಕಾಯಿತು.

ಹಾಗಾಗಿ ಸ್ಥಳಾಂತರಕ್ಕೆ ಕನಿಷ್ಠ ಒಂದು ದಿನ ಮೊದಲೇ ಟಿಟಿಎಲ್ ಅನ್ನು 300ಕ್ಕೆ ಇಳಿಸಬೇಕು. 86400ರ ಪ್ರತಿಗಳೆಲ್ಲ ಮುಗಿದ ಮೇಲೆ ಐಪಿ ಬದಲಾಯಿಸಿದರೆ ಬಹುತೇಕ ರಿಸಾಲ್ವರ್‌ಗಳು ಐದೇ ನಿಮಿಷದಲ್ಲಿ ಹೊಸ ವಿಳಾಸ ಕೊಡುತ್ತವೆ. ನೇಮ್‌ಸರ್ವರ್‌ಗಳನ್ನೇ ಬದಲಾಯಿಸುವಾಗ ಮಾತ್ರ ಈ ಉಪಾಯ ಸಾಲದು. .com ಹೆಸರುಗಳ ನೇಮ್‌ಸರ್ವರ್ ದಾಖಲೆಗೆ ಮೇಲಿನ ಹಂತದಲ್ಲೇ 172800 ಸೆಕೆಂಡು, ಅಂದರೆ ಎರಡು ದಿನ, ನಿಗದಿಯಾಗಿದೆ. ಅದನ್ನು ಡೊಮೈನಿನ ಒಡೆಯ ಇಳಿಸಲಾಗದು.

ಕ್ಯಾಶ್‌ನ ಹಳೆಯ ಪ್ರತಿಗಳು ಮುಗಿಯುವವರೆಗೂ ಹಳೆಯ ಸರ್ವರ್ ಚಾಲೂ ಇರಬೇಕು. ಅಲ್ಲಿ ಕೊಠಡಿ ಕಾಯ್ದಿರಿಸಿದವರ ವಿವರ ಹಳೆಯ ಡೇಟಾಬೇಸಿಗೇ ಸೇರುವುದರಿಂದ, ಅದನ್ನು ಮುಚ್ಚುವ ಮುನ್ನ ಆ ಬುಕಿಂಗ್‌ಗಳನ್ನು ಹೊಸದಕ್ಕೆ ಸೇರಿಸಿಕೊಳ್ಳಬೇಕು.