ಬಣ್ಣ ತಾಗದ ಜಾಗವೇ ಚಿತ್ತಾರ

ಬಾಂಧನಿ, ಬಾಟಿಕ್, ಶಿಬೋರಿ, ಟೈ-ಡೈ ನಾಲ್ಕನ್ನೂ ಅಂಗಡಿಯಲ್ಲಿ ಒಂದೇ ಕಡೆ ಪೇರಿಸಿಟ್ಟು, 'ಎಲ್ಲಾ ಟೈ ಅಂಡ್ ಡೈ' ಅಂದುಬಿಡುತ್ತಾರೆ. ಇದು ಅರ್ಧ ನಿಜ. ನಾಲ್ಕರಲ್ಲೂ ಬಟ್ಟೆಯ ಒಂದಷ್ಟು ಭಾಗಕ್ಕೆ ಬಣ್ಣ ತಾಗದಂತೆ ತಡೆಯುತ್ತಾರೆ. ತಡೆದ ಜಾಗವೇ ವಿನ್ಯಾಸವಾಗುತ್ತದೆ. ಆದರೆ ತಡೆದದ್ದು ದಾರವೋ, ಮೇಣವೋ, ಮಡಿಕೆಯೋ ಎಂಬುದಕ್ಕೆ ತಕ್ಕಂತೆ ವಿನ್ಯಾಸದ ಅಂಚು ಬದಲಾಗುತ್ತದೆ. ಬಾಟಿಕ್‌ನಲ್ಲಂತೂ ಕಟ್ಟುವ ಕೆಲಸವೇ ಇಲ್ಲ.

ತಪ್ಪು ಕಲ್ಪನೆ: ಬಾಂಧನಿಯಲ್ಲಿ ಕೆಂಪು ಬಟ್ಟೆಯ ಮೇಲೆ ಬಿಳಿ, ಹಳದಿ ಚುಕ್ಕಿ ಇಡುತ್ತಾರೆ.

ನಡೆಯುವುದು ಇದರ ತಿರುವುಮುರುವು. ಗುಜರಾತಿನ ಕಚ್ಛ್ ಅಥವಾ ಜಾಮ್‌ನಗರದ ಒಂದು ಕೆಂಪು ಓಢಣಿಯನ್ನೇ ತೆಗೆದುಕೊಳ್ಳಿ. ಶುರುವಿಗೆ ಅದು ತೆಳು ಬಿಳಿ ಬಟ್ಟೆ. ಕಟ್ಟುವಾಕೆ ಉದ್ದ ಬೆಳೆಸಿದ ಉಗುರಿನಿಂದಲೋ ಮೊನೆಯಿರುವ ಉಂಗುರದಿಂದಲೋ ಬಟ್ಟೆಯ ಒಂದು ಚೂರನ್ನು ಮೇಲೆತ್ತಿ, ಅದರ ಬುಡಕ್ಕೆ ದಾರವನ್ನು ಬಿಗಿಯಾಗಿ ಸುತ್ತುತ್ತಾಳೆ. ಗಂಟು ಹಾಕಿ ಕತ್ತರಿಸುವುದಿಲ್ಲ, ಅದೇ ದಾರ ಪಕ್ಕದ ಚುಕ್ಕಿಗೆ ಸಾಗುತ್ತದೆ. ಬಿಳಿಯಾಗಿ ಉಳಿಯಬೇಕಾದ ಚುಕ್ಕಿಗಳನ್ನೆಲ್ಲ ಹೀಗೆ ಕಟ್ಟಿದ ಮೇಲೆ ಬಟ್ಟೆಯನ್ನು ಹಳದಿಗೆ ಅದ್ದುತ್ತಾರೆ. ಹಳದಿಯಾಗಿ ಉಳಿಯಬೇಕಾದವನ್ನು ಈಗ ಕಟ್ಟಿ, ಕೆಂಪಿಗೆ ಅದ್ದುತ್ತಾರೆ. ತಿಳಿ ಬಣ್ಣ ಮೊದಲು, ಗಾಢ ಬಣ್ಣ ಕೊನೆಗೆ. ಕೆಂಪಾದ ಬಟ್ಟೆಗೆ ಆಮೇಲೆ ಹಳದಿ ಹತ್ತುವುದಿಲ್ಲವಲ್ಲ. ಕೊನೆಗೆ ಒಣಗಿದ ಬಟ್ಟೆಯನ್ನು ಎರಡು ಕಡೆ ಹಿಡಿದು ಜಗ್ಗಿದರೆ ದಾರವೆಲ್ಲ ಪಟಪಟನೆ ಕಳಚಿ ಬೀಳುತ್ತದೆ.

ತಪ್ಪು ಕಲ್ಪನೆ: ಚುಕ್ಕಿಗಳೆಲ್ಲ ಒಂದೇ ಸಮ ಇದ್ದರೆ ಕೆಲಸ ಒಳ್ಳೆಯದು.

ಅಚ್ಚಿನಂತೆ ಒಂದೇ ಸಮ ಇದ್ದರೆ ಅದು ಬಹುಪಾಲು ಅಚ್ಚೇ. ಕೈಯಲ್ಲಿ ಕಟ್ಟಿದ ಒಂದು ಚುಕ್ಕಿಯನ್ನು ಹತ್ತಿರದಿಂದ ನೋಡಿ. ಅದು ತುಂಬಿದ ಬೊಟ್ಟಲ್ಲ, ಉಂಗುರ. ದಾರ ಸುತ್ತಿದ ಭಾಗ ಬಣ್ಣ ಹೀರದೆ ಉಳಿಯುತ್ತದೆ, ದಾರದಿಂದ ಹೊರಗೆ ಚಾಚಿದ ತುದಿ ಮಾತ್ರ ಬಣ್ಣ ಕುಡಿದು ನಡುವಿನ ಬಣ್ಣದ ಚುಕ್ಕೆಯಾಗುತ್ತದೆ. ಚಿವುಟಿದಾಗ ಬಟ್ಟೆ ಮಡಿಚಿಕೊಳ್ಳುವುದರಿಂದ ಉಂಗುರವೂ ದುಂಡಗಿರದೆ ಚೌಕದ ಕಡೆಗೆ ವಾಲುತ್ತದೆ. ದಾರದಡಿ ಬಣ್ಣ ಸ್ವಲ್ಪ ನುಸುಳುವುದರಿಂದ ಅಂಚು ಮೆತ್ತಗಿರುತ್ತದೆ. ಅಚ್ಚಿನ ಚುಕ್ಕಿಗಳು ಪಡಿಯಚ್ಚು, ಹಿಂಬದಿಯಲ್ಲಿ ಹಲವು ಸಲ ಮಾಸಲು. ಬಟ್ಟೆಯ ಸುಕ್ಕೊಂದನ್ನೇ ನಂಬಬೇಡಿ: ಇಸ್ತ್ರಿ ಮಾಡಿದರೆ ಅಸಲಿಯದ್ದೂ ಹೋಗುತ್ತದೆ, ಯಂತ್ರದಲ್ಲಿ ನಕಲಿಗೂ ಸುಕ್ಕು ತರಿಸಬಹುದು.

ತಪ್ಪು ಕಲ್ಪನೆ: ಬಿರುಕು ಗೆರೆ ಇದ್ದರೆ ಮಾತ್ರ ನಿಜವಾದ ಬಾಟಿಕ್.

ಬಾಟಿಕ್‌ನಲ್ಲಿ ತಡೆಯುವುದು ಕರಗಿಸಿದ ಮೇಣ. ಜಾವಾದಲ್ಲಿ ಅದನ್ನು 'ಚಾಂಟಿಂಗ್' ಎಂಬ ಸಣ್ಣ ಮೂತಿಯ ತಾಮ್ರದ ಸಾಧನದಿಂದ ಎಳೆಯುತ್ತಾರೆ, ಇಲ್ಲವೇ ತಾಮ್ರದ ಅಚ್ಚಿನಿಂದ ಒತ್ತುತ್ತಾರೆ. ಬಳ್ಳಿ, ಹಕ್ಕಿ, ಕೂದಲೆಳೆಯಂಥ ಗೆರೆ ಎಲ್ಲವೂ ಚೂಪಾದ ಅಂಚಿನಲ್ಲಿ ಮೂಡುತ್ತವೆ. ದಾರ ಕಟ್ಟಿ ಅಂಥ ಗೆರೆ ಎಳೆಯಲಾಗದು. ಮೇಣ ಕರಗಬಾರದೆಂದು ಬಣ್ಣದ ನೀರು ತಣ್ಣಗಿರಬೇಕು, ಕೊನೆಗೆ ಕುದಿನೀರಿನಲ್ಲಿ ಮೇಣ ತೆಗೆಯುತ್ತಾರೆ. ನಡುವೆ ಮೇಣ ಒಡೆದರೆ ಬಣ್ಣ ಒಳನುಗ್ಗಿ ಕವಲುಕವಲು ಗೆರೆಯಾಗುತ್ತದೆ. ಪ್ಯಾರಾಫಿನ್ ಹೆಚ್ಚಿದ್ದರೆ ಮೇಣ ಬೇಗ ಒಡೆಯುತ್ತದೆ, ಜೇನುಮೇಣ ಹೆಚ್ಚಿದ್ದರೆ ಬಾಗುತ್ತದೆ. ಬಿರುಕು ಬೇಕೆಂದೇ ಮೇಣ ಹಿಚುಕುವವರು ಇದ್ದಾರೆ, ಆದರೆ ಜಾವಾದ ನಯವಾದ ಕೆಲಸದಲ್ಲಿ ಅದು ದೋಷ. ಮೇಲಾಗಿ ಬಿರುಕನ್ನೂ ಅಚ್ಚು ಹಾಕಬಹುದು. ಒಂದೇ ಬಿರುಕು ಗಜಗಜಕ್ಕೂ ಮರುಕಳಿಸಿದರೆ ಅನುಮಾನಿಸಿ.

ತಪ್ಪು ಕಲ್ಪನೆ: ನೀಲಿ ಇದ್ದರೆ ಶಿಬೋರಿ, ಬಣ್ಣಬಣ್ಣದ್ದಾದರೆ ಟೈ-ಡೈ.

ಜಪಾನಿನ ಶಿಬೋರಿಯಲ್ಲಿ ನೀಲಿಯೇ ಪ್ರಸಿದ್ಧ, ನಿಜ. ಆದರೆ ಗುರುತು ಬಣ್ಣದಲ್ಲಿಲ್ಲ, ಬಟ್ಟೆಯನ್ನು ಅದುಮಿದ ರೀತಿಯಲ್ಲಿದೆ. ಮಡಿಚಿ ಎರಡು ಹಲಗೆಗಳ ನಡುವೆ ಬಿಗಿದರೆ 'ಇತಾಜಿಮೆ', ಅದರ ಚೌಕ-ತ್ರಿಕೋನಗಳು ಮಡಿಕೆಯ ಎರಡೂ ಬದಿ ಕನ್ನಡಿಯಂತೆ ಮರುಕಳಿಸುತ್ತವೆ. ಕೋಲಿಗೆ ಸುತ್ತಿ, ದಾರ ಬಿಗಿದು, ಒತ್ತಿ ನೆರಿಗೆ ಮಾಡಿದರೆ 'ಅರಾಶಿ'. ಓರೆಯಾಗಿ ಬಿದ್ದ ಮಳೆಯಂಥ ಗೆರೆ ಬರುತ್ತದೆ. ಪೇಟೆಯಲ್ಲಿ ಟೈ-ಡೈ ಎಂದು ಸಿಗುವ ಸುರುಳಿ ಟೀ-ಶರ್ಟಿನ ದಾರಿ ಸುಲಭ: ಬಟ್ಟೆಯನ್ನು ನಡುವಿನಿಂದ ತಿರುಚಿ, ರಬ್ಬರ್ ಬ್ಯಾಂಡ್ ಹಾಕಿ, ಭಾಗಕ್ಕೊಂದು ಬಣ್ಣ ಸುರಿಯುತ್ತಾರೆ. ಪಕ್ಕಪಕ್ಕದ ಬಣ್ಣಗಳು ಹರಿದು ಬೆರೆಯುವುದೇ ಅದರ ಗುರುತು.

ನಿಜಕ್ಕೂ ಕಣ್ಣು ತಪ್ಪುವುದು ಶಿಬೋರಿಯ 'ಕಾನೊಕೊ' ಮತ್ತು ಬಾಂಧನಿಯ ನಡುವೆ. ಕಾನೊಕೊ ಕೂಡ ಚಿವುಟಿ ಕಟ್ಟುವ ಕೆಲಸವೇ, ಅದರ ಚುಕ್ಕಿಯೂ ನಡುವೆ ಬಣ್ಣವಿರುವ ಚೌಕದುಂಗುರ. ಒಂಟಿ ಚುಕ್ಕಿ ನೋಡಿ ಇದು ಯಾವ ದೇಶದ್ದೆಂದು ಹೇಳಲಾಗದು. ಇಡೀ ಬಟ್ಟೆ ಹರಡಿ ನೋಡಬೇಕು: ಒಂದೇ ಬಟ್ಟೆಯಲ್ಲಿ ಬಿಳಿ, ಹಳದಿ, ಕೆಂಪು ಹಂತಹಂತವಾಗಿದ್ದು, ಚುಕ್ಕಿಗಳ ಸಾಲು ಆನೆ, ನವಿಲು, ಹೂವುಗಳನ್ನು ಬಿಡಿಸಿದ್ದರೆ ಬಾಂಧನಿಯ ಕಡೆಗೇ ತೂಗುತ್ತದೆ.